ವಿಡಿಯೊಗೆ ಎಷ್ಟಾಗುತ್ತದೆ ಎಂದು ಕೇಳುವ ಮೊದಲು



ಕತಾರಿನಲ್ಲಿರುವ ನಮ್ಮಲ್ಲಿ ಅನೇಕರು ಊರಿನ ಯಾವುದಾದರೊಂದು ಸಣ್ಣ ಸೇವಾ ಟ್ರಸ್ಟಿನೊಡನೆ ನಂಟು ಉಳಿಸಿಕೊಂಡಿದ್ದೇವೆ. ದಕ್ಷಿಣ ಕನ್ನಡದ ಅಂತಹ ಒಂದು ಟ್ರಸ್ಟ್ ಇತ್ತೀಚೆಗೆ ದೇಣಿಗೆ ಸಂಗ್ರಹಕ್ಕಾಗಿ ಒಂದು ವಿಡಿಯೊ ಮಾಡಿಸಲು ಯೋಚಿಸಿತು. ಮಂಗಳೂರಿನಲ್ಲಿ ಸ್ವತಂತ್ರವಾಗಿ ದುಡಿಯುವ ವಿಡಿಯೊಗ್ರಾಫರ್ ಒಬ್ಬರಿಗೆ ಕಳುಹಿಸಬೇಕಾಗಿದ್ದ ಇ-ಮೇಲಿನ ಕರಡನ್ನು, ನಾನು ವೈದ್ಯನೆಂಬ ಕಾರಣಕ್ಕೆ ನನಗೂ ತೋರಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಬಡರೋಗಿಗಳ ಬಸ್ಸಿನ ಖರ್ಚನ್ನೂ ಔಷಧಿಯ ಖರ್ಚನ್ನೂ ಭರಿಸುವ ಟ್ರಸ್ಟ್ ಅದು. ಕರಡಿನಲ್ಲಿ ಇದ್ದುದು ಮೂರೇ ವಾಕ್ಯ: ‘ನಮ್ಮದು ಸಣ್ಣ ಸೇವಾಸಂಸ್ಥೆ. ರೋಗಿಗಳ ಕಷ್ಟವನ್ನು ಮನಮುಟ್ಟುವಂತೆ ತೋರಿಸುವ ಒಂದು ವಿಡಿಯೊ ಬೇಕಾಗಿದೆ. ಸೇವಾಕಾರ್ಯವೆಂದು ತಿಳಿದು ಕಡಿಮೆ ದರ ತಿಳಿಸಬೇಕಾಗಿ ವಿನಂತಿ.’

ವಿನಯಕ್ಕೆ ಕೊರತೆಯಿಲ್ಲದ ಪತ್ರ. ಆದರೆ ಇದಕ್ಕೆ ಪ್ರಾಮಾಣಿಕವಾದ ದರಪಟ್ಟಿ ಕೊಡುವುದು ಯಾರಿಂದಲೂ ಸಾಧ್ಯವಿಲ್ಲ. ವಿಡಿಯೊ ಎಷ್ಟು ನಿಮಿಷದ್ದು, ಚಿತ್ರೀಕರಣ ಎಷ್ಟು ದಿನ, ಆಸ್ಪತ್ರೆಯ ಅನುಮತಿ ತರುವವರು ಯಾರು, ಅದನ್ನು ಯಾರು ನೋಡುತ್ತಾರೆ ಎಂಬುದೊಂದೂ ಅದರಲ್ಲಿಲ್ಲ. ಪತ್ರದಲ್ಲಿ ಬಿಟ್ಟುಹೋದ ಪ್ರತಿಯೊಂದು ವಿಷಯವೂ ಮುಂದೆ ಹೆಚ್ಚುವರಿ ಬಿಲ್ಲಾಗಿಯೋ ಮನಸ್ತಾಪವಾಗಿಯೋ ಮರಳಿ ಬರುತ್ತದೆ. ಅದಕ್ಕಿಂತ ಗಂಭೀರವಾದ ಎರಡು ವಿಷಯಗಳು ರೋಗಿಯ ಒಪ್ಪಿಗೆ ಮತ್ತು ಹಣ ಕೇಳುವ ಹಕ್ಕು. ಇವೆರಡನ್ನೂ ಕ್ಯಾಮೆರಾ ಬರುವ ಮೊದಲೇ, ದರ ಕೇಳುವ ಪತ್ರದಲ್ಲಿಯೇ ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ರೋಗಿಯ ವಿಷಯ. ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ನಾಲ್ಕು ಗಂಟೆಗಳ ಕಾಲ, ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು, ಕೈ ಅಲುಗಿಸದೆ ಮಲಗಿರುವುದು. ಆ ಸ್ಥಿತಿಯಲ್ಲಿರುವವರ ಬಳಿಗೆ ಹೋಗಿ, ‘ನಿಮ್ಮ ವಿಡಿಯೊ ತೆಗೆಯಬಹುದೇ?’ ಎಂದು ಕೇಳಿದರೆ ದೊರೆಯುವ ‘ಆಗಲಿ’ ಎಂಬ ಉತ್ತರವನ್ನು ಒಪ್ಪಿಗೆ ಎನ್ನಲಾಗದು. ಅವರು ಎದ್ದುಹೋಗಲಾರರು. ಕೇಳುತ್ತಿರುವುದು ತಮ್ಮ ಬಸ್ಸಿನ ಖರ್ಚು ಕೊಡುವ ಟ್ರಸ್ಟ್. ಪಕ್ಕದಲ್ಲಿ ನಿಂತಿರುವುದು ಸೂಜಿ ಚುಚ್ಚುವ ದಾದಿ. ಬೇಡವೆಂದರೆ ನೆರವು ನಿಂತೀತೆಂಬ ಅಳುಕು ಅವರಿಗೆ ಸಹಜ. ಆದುದರಿಂದ ಡಯಾಲಿಸಿಸ್ ಇಲ್ಲದ ದಿನ, ರೋಗಿಯ ಮನೆಯಲ್ಲಿ, ಚಿಕಿತ್ಸೆಗೆ ಸಂಬಂಧಪಡದ ಒಬ್ಬರು, ತುಳುವೋ ಕನ್ನಡವೋ ಬ್ಯಾರಿಯೋ ಅವರ ಮನೆಮಾತಿನಲ್ಲಿಯೇ ಕೇಳಬೇಕು. ವಿಡಿಯೊ ಎಲ್ಲೆಲ್ಲಿ ಕಾಣಿಸುತ್ತದೆ ಎಂಬುದನ್ನು ತಿಳಿಸಬೇಕು. ಒಪ್ಪದಿದ್ದರೂ ನೆರವು ನಿಲ್ಲುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು.

ಇದು ಬರಿಯ ಸೌಜನ್ಯವಲ್ಲ, ದರಕ್ಕೂ ಸಂಬಂಧಿಸಿದ್ದು. ಡಯಾಲಿಸಿಸ್ ಮುಗಿದ ಮೇಲೆ ಅನೇಕರು ಬಹಳ ಬಳಲಿರುತ್ತಾರೆ. ಆಗ ಸಂದರ್ಶನ ಸಲ್ಲದು. ಹಾಗಾಗಿ ಮಾತುಕತೆಗೆ ಇನ್ನೊಂದು ದಿನ ಬೇಕಾಗುತ್ತದೆ. ವಾರ್ಡಿನಲ್ಲಿ ಯಂತ್ರಗಳ ಸದ್ದೂ ಎಚ್ಚರಿಕೆಯ ಗಂಟೆಯೂ ನಿಲ್ಲುವುದಿಲ್ಲ. ಅಲ್ಲಿ ಧ್ವನಿಮುದ್ರಣ ಚೆನ್ನಾಗಿ ಬಾರದು. ಟ್ರಸ್ಟ್ ಹಣ ಕೊಡುವುದು ಯಂತ್ರಕ್ಕಲ್ಲ, ಪ್ರಯಾಣಕ್ಕೆ ಮತ್ತು ಔಷಧಿಗೆ. ಬೆಳಗಿನ ಜಾವ ಮನೆಯಿಂದ ಹೊರಟು ಎರಡು ಬಸ್ಸು ಬದಲಿಸುವ ದೃಶ್ಯವೇ ಆ ಕಥೆಯನ್ನು ಹೇಳುತ್ತದೆ. ಸೂಜಿ ಚುಚ್ಚಿದ ತೋಳನ್ನು ಹತ್ತಿರದಿಂದ ತೋರಿಸಬೇಕಾದ ಅಗತ್ಯವೇ ಇಲ್ಲ.

ಚಿತ್ರಗಳ ಶಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ವೈದ್ಯ ಡಾ. ಮೋಹನ್ ಕುಮಾರ್ ಅವರೂ ಪತ್ರಕರ್ತ ಶ್ರೀ ಪಡ್ರೆ ಅವರೂ ಎಂಡೋಸಲ್ಫಾನ್ ದುರಂತದ ಬಗ್ಗೆ ದನಿಯೆತ್ತಿದರು. ಅಲ್ಲಿನ ಮಕ್ಕಳ ಛಾಯಾಚಿತ್ರಗಳು ಆ ದನಿಯನ್ನು ದೂರ ದೂರಕ್ಕೆ ಒಯ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆಹಿಡಿಯಿತು. ಆದರೆ ಆ ಮಕ್ಕಳ ಮುಖಗಳು ಇಂದಿಗೂ ಅಂತರ್ಜಾಲದಲ್ಲಿ ಉಳಿದಿವೆ. ಒಮ್ಮೆ ಹೊರಬಿದ್ದ ಚಿತ್ರವನ್ನು ಹಿಂದಕ್ಕೆ ಕರೆಯುವುದು ಕಷ್ಟ. ನಮ್ಮ ಬಸ್ಸಿನ ಖರ್ಚಿನ ವಿಡಿಯೊಗೆ ಅಷ್ಟು ದೊಡ್ಡ ಬೆಲೆಯನ್ನು ರೋಗಿ ತೆರಬೇಕಾಗಿಲ್ಲ.

ಇನ್ನು ಹಣ ಕೇಳುವ ಹಕ್ಕು. ಈ ವಿಡಿಯೊವನ್ನು ದೋಹಾದಲ್ಲಿಯೂ ತೋರಿಸಬೇಕೆಂಬುದು ಟ್ರಸ್ಟಿನ ಆಸೆ. ಕತಾರಿನಲ್ಲಿ ದತ್ತಿ ಕಾರ್ಯಗಳ ನಿಯಂತ್ರಣಕ್ಕೆಂದೇ 2014ರಲ್ಲಿ ಒಂದು ಪ್ರಾಧಿಕಾರ ರಚನೆಯಾಗಿದೆ. ಅದರ ಅನುಮತಿಯಿಲ್ಲದೆ ಜನರಿಂದ ದೇಣಿಗೆ ಸಂಗ್ರಹಿಸುವುದು ಇಲ್ಲಿ ಅಪರಾಧ. ಕೊನೆಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆಯೋ ಕ್ಯೂಆರ್ ಕೋಡೋ ಇರುವ ವಿಡಿಯೊವನ್ನು ಇಲ್ಲಿನ ಸಭೆಯಲ್ಲಿ ತೋರಿಸುವುದೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುವುದೂ ಹಂಚಿದವರನ್ನೇ ತೊಂದರೆಗೆ ಸಿಲುಕಿಸಬಹುದು. ಆದುದರಿಂದ ಪತ್ರದಲ್ಲಿ ಎರಡು ಆವೃತ್ತಿಗಳನ್ನು ಕೇಳಬೇಕು: ಭಾರತಕ್ಕೆ ಮನವಿಯಿರುವ ಒಂದು, ಇಲ್ಲಿಗೆ ಕೆಲಸವನ್ನಷ್ಟೇ ಪರಿಚಯಿಸುವ, ಮನವಿಯಿಲ್ಲದ ಇನ್ನೊಂದು. ಎರಡನೆಯದನ್ನೂ ಸಂಘದ ಸಮಿತಿಯ ಒಪ್ಪಿಗೆಯಿಲ್ಲದೆ ತೋರಿಸಬಾರದು.

ಭಾರತದ ಕಡೆಯೂ ಒಂದು ಮಿತಿಯಿದೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಪ್ರಕಾರ, ಭಾರತೀಯ ಪೌರರು ಹೊರದೇಶದಲ್ಲಿ ತಾವು ಉಳಿಸಿದ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗದು. ಬೇರೆ ದೇಶದ ಪೌರತ್ವ ಪಡೆದ ಕನ್ನಡಿಗರು ಕೊಟ್ಟರೆ ಆಗುತ್ತದೆ. ಆ ಕಾಯಿದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟ್ ಅದನ್ನು ಸ್ವೀಕರಿಸುವಂತಿಲ್ಲ. ಮನವಿಯ ಫಲಕದಲ್ಲಿ ಈ ಒಂದು ಸಾಲು ಇರಲೇಬೇಕು.

ಇಷ್ಟನ್ನು ಗಮನದಲ್ಲಿಟ್ಟುಕೊಂಡು ಕರಡನ್ನು ಹೀಗೆ ತಿದ್ದಿದೆವು:

‘ಮಾನ್ಯರೇ, ಡಯಾಲಿಸಿಸ್ ರೋಗಿಗಳ ಪ್ರಯಾಣ ಮತ್ತು ಔಷಧಿಯ ವೆಚ್ಚಕ್ಕೆ ನೆರವಾಗುವ ನಮ್ಮ ಟ್ರಸ್ಟಿಗೆ ಮೂರು ನಿಮಿಷಗಳ ಒಂದು ವಿಡಿಯೊ ಬೇಕಾಗಿದೆ. ಚಿತ್ರೀಕರಣ ಎರಡು ದಿನ: ಒಂದು ದಿನ ಇಬ್ಬರು ರೋಗಿಗಳ ಮನೆಯಲ್ಲಿ ಮಾತುಕತೆ, ಇನ್ನೊಂದು ದಿನ ಬಸ್ ಪ್ರಯಾಣ ಮತ್ತು ಆಸ್ಪತ್ರೆಯ ಹೊರಾಂಗಣ. ವಾರ್ಡಿನೊಳಗೆ ಅರ್ಧ ಗಂಟೆ ಮಾತ್ರ. ಇತರ ರೋಗಿಗಳ ಮುಖ ಕಾಣಬಾರದು. ಆಸ್ಪತ್ರೆಯ ಲಿಖಿತ ಅನುಮತಿ ಮತ್ತು ರೋಗಿಗಳ ಒಪ್ಪಿಗೆ ಪತ್ರ ನಮ್ಮ ಹೊಣೆ. ಪ್ರಕಟಿಸುವ ಮೊದಲು ರೋಗಿಗಳಿಗೆ ತೋರಿಸುತ್ತೇವೆ. ಅವರು ಬೇಡವೆಂದ ಭಾಗವನ್ನು ತೆಗೆಯಬೇಕು. ಕನ್ನಡ ಮತ್ತು ಇಂಗ್ಲಿಷ್ ಅಡಿಬರಹ, ಮನವಿಯಿರುವ ಮತ್ತು ಇಲ್ಲದ ಎರಡು ಆವೃತ್ತಿ, ಎರಡು ಸುತ್ತಿನ ತಿದ್ದುಪಡಿ ಬೇಕು. ಹಿನ್ನೆಲೆಗೆ ಸಿನಿಮಾ ಹಾಡು ಬೇಡ, ಪರವಾನಗಿಯಿರುವ ಸಂಗೀತವಿರಲಿ. ಮೂಲ ದೃಶ್ಯಗಳನ್ನು ನಮಗೆ ಒಪ್ಪಿಸಬೇಕು, ಬೇರೆಡೆ ಬಳಸಬಾರದು. ಚಿತ್ರೀಕರಣ, ಧ್ವನಿ, ಸಂಕಲನ, ಅಡಿಬರಹ, ಪ್ರಯಾಣ ಇವುಗಳ ದರವನ್ನು ಪ್ರತ್ಯೇಕವಾಗಿ, ಮುಂಗಡ ಎಷ್ಟೆಂಬುದರೊಡನೆ ತಿಳಿಸಿ. ನಮ್ಮ ಗರಿಷ್ಠ ಮೊತ್ತವನ್ನು ಕೆಳಗೆ ಕೊಟ್ಟಿದ್ದೇವೆ.’

ಕೊನೆಯ ಸಾಲಿನ ಬಗ್ಗೆ ಟ್ರಸ್ಟಿನಲ್ಲಿ ಚರ್ಚೆಯಾಯಿತು. ಮೊತ್ತ ಹೇಳಿಬಿಟ್ಟರೆ ಅಷ್ಟನ್ನೇ ಕೇಳುತ್ತಾರೆ ಎಂಬ ಅಂಜಿಕೆ ಕೆಲವರದು. ಮೊತ್ತ ತಿಳಿದರೆ, ಆ ಹಣಕ್ಕೆ ಎರಡು ದಿನವಾಗದು, ಒಂದೂವರೆ ದಿನದಲ್ಲಿ ಹೀಗೆ ಮುಗಿಸಬಹುದು ಎಂದು ಅವರೇ ದಾರಿ ಹೇಳಬಲ್ಲರು ಎಂಬುದು ನನ್ನ ನಿಲುವು. ದರಗಳು ಬಿಡಿಬಿಡಿಯಾಗಿದ್ದರೆ ಯಾವುದನ್ನು ಬಿಡಬಹುದೆಂದು ನಮಗೂ ತಿಳಿಯುತ್ತದೆ.

‘ಸೇವೆಯೆಂದು ತಿಳಿದು’ ಎಂಬ ಮಾತನ್ನು ತೆಗೆಸಿದೆ. ಸ್ವತಂತ್ರವಾಗಿ ದುಡಿಯುವವರಿಗೆ ತಿಂಗಳ ಸಂಬಳವಿಲ್ಲ; ನಮಗೆ ಕೊಟ್ಟ ಎರಡು ದಿನ ಅವರಿಗೆ ಎರಡು ದಿನದ ಗಳಿಕೆ. ರಿಯಾಯಿತಿ ಕೊಡುವ ಮನಸ್ಸು ಅವರಿಗಿದ್ದರೆ ಪೂರ್ಣ ದರವನ್ನು ನಮೂದಿಸಿ, ಬಿಟ್ಟುಕೊಟ್ಟ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಲಿ. ಆಗ ಮುಂದಿನ ವರ್ಷದ ಟ್ರಸ್ಟಿಗಳಿಗೆ ಕೆಲಸದ ನಿಜವಾದ ಬೆಲೆ ತಿಳಿಯುತ್ತದೆ.

ಊರಿನ ಟ್ರಸ್ಟುಗಳ ಪರವಾಗಿ ಇಂತಹ ಪತ್ರ ಬರೆಯುವ ಸದಸ್ಯರು ಮೇಲಿನ ಕರಡನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಂಡು ಬಳಸಬಹುದು. ಒಪ್ಪಿಗೆಯ ಸಾಲನ್ನೂ ಎರಡು ಆವೃತ್ತಿಗಳ ಸಾಲನ್ನೂ ಮಾತ್ರ ಬಿಡಬಾರದೆಂದು ನನ್ನ ವಿನಂತಿ.