ಖಾತೆಗೆ ಬಿದ್ದ ಬೀಗ ಯಾವುದು, ಕೀಲಿ ಎಲ್ಲಿದೆ?

ಬೇಲಾಪುರ, ಖಾರಘರ್, ನೆರೂಳ್ ಕಡೆ ಮನೆಯಿಂದಲೇ ಚಟ್ನಿಪುಡಿ, ಚಕ್ಕುಲಿ, ಇಳಕಲ್ ಸೀರೆ ಮಾರುವ ಕನ್ನಡದ ಹೆಣ್ಣುಮಕ್ಕಳಿಗೆ ಇನ್‌ಸ್ಟಾಗ್ರಾಂ ಖಾತೆಯೇ ಅಂಗಡಿ. ವ್ಯೂ ಇದ್ದಕ್ಕಿದ್ದಂತೆ ಇಳಿದರೆ ‘ಯಾರೋ ರಿಪೋರ್ಟ್ ಮಾಡಿದ್ದಾರೆ’ ಎಂಬ ಗುಮಾನಿ ಮೊದಲು ಏಳುತ್ತದೆ. ಗುಮಾನಿಗಿಂತ ಮೊದಲು ನೋಡಬೇಕಾದ ಪುಟವೊಂದು ಆ್ಯಪ್‌ನೊಳಗೇ ಇದೆ. ಪ್ರೊಫೈಲ್‌ನ ಮೂರು ಗೆರೆ ಒತ್ತಿ, ಸೆಟ್ಟಿಂಗ್ಸ್‌ನ ತಳದವರೆಗೆ ಹೋದರೆ Account Status ಎಂದು ಸಿಗುತ್ತದೆ.

ಅಲ್ಲಿ ಮುಖ್ಯವಾಗಿ ಮೂರು ಸಂಗತಿಗಳು ಬೇರೆಬೇರೆಯಾಗಿ ಕಾಣುತ್ತವೆ: ನಿಯಮ ಮೀರಿದ್ದಕ್ಕೆ ತೆಗೆದುಹಾಕಿದ ಪೋಸ್ಟ್‌ಗಳು, ಹೊಸಬರಿಗೆ ಶಿಫಾರಸು ಮಾಡಲಾಗದ ಪೋಸ್ಟ್‌ಗಳು, ಸದ್ಯ ನಿಮಗೆ ಬಳಸಲಾಗದ ಸೌಲಭ್ಯಗಳು. ಎಲ್ಲ ಸರಿಯಿದ್ದರೆ ಹಸಿರು ಗುರುತು. ಮೂರನ್ನೂ ಒಂದೇ ‘ಬ್ಯಾನ್’ ಎಂದು ತಿಳಿಯುವುದರಿಂದಲೇ ಹೆಚ್ಚಿನ ಗೊಂದಲ, ಏಕೆಂದರೆ ಮೂರಕ್ಕೂ ಪರಿಹಾರ ಬೇರೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬೇಲಾಪುರದ ಗೃಹಿಣಿಯೊಬ್ಬರು ಮೆಂತ್ಯಪುಡಿಯ ರೀಲ್ ಹಾಕಿ ‘30 ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ’ ಎಂದು ಬರೆದರು. ಅದೇ ಸಾಲನ್ನು ಸಂಜೆಯೊಳಗೆ ಹತ್ತಾರು ಪೋಸ್ಟ್‌ಗಳ ಕೆಳಗೆ ಅಂಟಿಸಿದರು. ಮರುದಿನ ರೀಲ್ ಇದೆ, ಆದರೆ ಹೊಸಬರಿಗೆ ಕಾಣುತ್ತಿಲ್ಲ. ಕಾಮೆಂಟ್ ಹಾಕಲೂ ಆಗುತ್ತಿಲ್ಲ. ಇಲ್ಲಿರುವುದು ಎರಡು ಕಾಯಿಲೆ. ಉತ್ಪ್ರೇಕ್ಷೆಯ ಆರೋಗ್ಯ ಭರವಸೆ ನಿಯಮಭಂಗವಾಗದೆಯೂ ಶಿಫಾರಸಿನಿಂದ ಹೊರಬೀಳಬಹುದು. ಫಾಲೋವರ್‌ಗಳಿಗೆ ಅದು ಕಾಣುತ್ತಲೇ ಇರುತ್ತದೆ. ಆ ಸಾಲನ್ನು ತಿದ್ದಬಹುದು, ರೀಲನ್ನೇ ಅಳಿಸಬಹುದು, ಒಪ್ಪಿಗೆಯಿಲ್ಲದಿದ್ದರೆ ಮರುಪರಿಶೀಲನೆ ಕೇಳಬಹುದು. ಕಾಮೆಂಟ್ ನಿಂತದ್ದು ಸ್ಪ್ಯಾಮ್‌ನ ಫಲ. ಅದು ಮೂರನೆಯ ವಿಭಾಗದಲ್ಲಿ ಕಾಣುತ್ತದೆ, ರೀಲ್ ಅಳಿಸಿದರೆ ಹೋಗುವುದಿಲ್ಲ. ಮೂರೂ ವಿಭಾಗ ಖಾಲಿಯಿದ್ದೂ ವ್ಯೂ ಇಳಿದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಯಾರು ರಿಪೋರ್ಟ್ ಮಾಡಿದರೆಂದು ಮಾತ್ರ ಈ ಪುಟ ಎಂದಿಗೂ ಹೇಳುವುದಿಲ್ಲ.

ತೆಗೆದುಹಾಕಿದ ಪೋಸ್ಟ್‌ ಮೇಲೆ ಒತ್ತಿದರೆ ಯಾವ ನಿಯಮ ಎಂಬುದೂ, ತಕರಾರಿಗೆ ಅವಕಾಶವಿದ್ದರೆ ಅದರ ಬಟನ್ನೂ ಕಾಣುತ್ತವೆ. ಹಾಡಿನ ಹಕ್ಕುಸ್ವಾಮ್ಯದ ದೂರಾದರೆ ದಾರಿ ಬೇರೆ. ಅಲ್ಲಿ ಎದುರಿಗಿರುವವರು ಹಕ್ಕುದಾರರು. ಖಾತೆಯೇ ನಿಷ್ಕ್ರಿಯವಾಗಿದ್ದರೆ ಈ ಪುಟ ತೆರೆಯುವುದೇ ಇಲ್ಲ. ಲಾಗಿನ್ ಪರದೆಯಲ್ಲೇ ಸೂಚನೆ ಬರುತ್ತದೆ, ತಕರಾರಿಗೆ 180 ದಿನ ಸಿಗುತ್ತದೆ.

ತಡಮಾಡಿದರೆ ಏನಾಗುತ್ತದೆಂದು ತಿಳಿಯಲು 2020ರ ನವೆಂಬರಿನ ಪ್ರಕರಣ ನೋಡಿ. ಗ್ಲೋಬಲ್ ಪಂಜಾಬ್ ಟಿವಿಯ ವಿಡಿಯೋ ಹಂಚಿಕೊಂಡ ಬಳಕೆದಾರರೊಬ್ಬರ ಪೋಸ್ಟನ್ನು ಫೇಸ್‌ಬುಕ್ ತೆಗೆಯಿತು, ಖಾತೆಗೂ ನಿರ್ಬಂಧ ಹಾಕಿತು. ಅವರು ಮೇಲ್ಮನವಿ ಕೊಟ್ಟರೆ, ಕೋವಿಡ್‌ನಿಂದ ಸಿಬ್ಬಂದಿ ಕಡಿಮೆ, ಪರಿಶೀಲನೆ ಆಗದು ಎಂಬ ಉತ್ತರ. ಪ್ರಕರಣವನ್ನು ಓವರ್‌ಸೈಟ್ ಬೋರ್ಡ್ ಕೈಗೆತ್ತಿಕೊಂಡ ಮೇಲೆ ಕಂಪನಿ ತಪ್ಪೊಪ್ಪಿ ಪೋಸ್ಟನ್ನು ಮರಳಿಸಿತು. 2021ರ ಏಪ್ರಿಲ್‌ನಲ್ಲಿ ಬೋರ್ಡ್ ಆ ತೆಗೆದುಹಾಕುವಿಕೆ ಸರಿಯಲ್ಲವೆಂದಿತು. ಅಷ್ಟರಲ್ಲಿ ನಿರ್ಬಂಧದ ಅವಧಿ ಬಹುಪಾಲು ಕಳೆದೇ ಹೋಗಿತ್ತು. ಮೇಲ್ಮನವಿ ಗೆದ್ದರೂ ಕಳೆದ ದಿನಗಳು ಮರಳುವುದಿಲ್ಲ. ದೀಪಾವಳಿ ಫರಾಳದ ವಾರದಲ್ಲಿ ಮಾರಾಟ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಪುಟದಿಂದ ಇನ್ನೊಂದು ಉಪಯೋಗವಿದೆ. ‘24 ಗಂಟೆಯಲ್ಲಿ ನಿಮ್ಮ ಖಾತೆ ಅಳಿಸುತ್ತೇವೆ, ಇಲ್ಲಿ ಮೇಲ್ಮನವಿ ಸಲ್ಲಿಸಿ’ ಎಂಬ ಲಿಂಕ್ ಮೆಸೇಜ್‌ನಲ್ಲಿ ಬಂದರೆ ಅದನ್ನು ಒತ್ತದೆ ಈ ಪುಟ ತೆರೆಯಿರಿ. ಅಲ್ಲಿ ಹಸಿರು ಇದ್ದರೆ, ಆ ಮೆಸೇಜ್ ಪಾಸ್‌ವರ್ಡ್ ಕದಿಯುವವರದ್ದೆಂದೇ ತಿಳಿಯಬೇಕು.

ಆ್ಯಪ್‌ನೊಳಗಿನ ಮರುಪರಿಶೀಲನೆಯಲ್ಲಿ ಸೋತರೆ ಭಾರತದಲ್ಲಿ ಇನ್ನೂ ಎರಡು ಮೆಟ್ಟಿಲಿವೆ, ನಮ್ಮವರಲ್ಲಿ ಅವನ್ನು ಬಳಸುವವರು ವಿರಳ. 2021ರ ಐಟಿ ನಿಯಮಗಳ ಪ್ರಕಾರ, ದೊಡ್ಡ ಜಾಲತಾಣವು ತಾನಾಗಿ ಪೋಸ್ಟ್ ತೆಗೆದರೆ ಕಾರಣ ತಿಳಿಸಬೇಕು, ತಕರಾರಿಗೆ ಅವಕಾಶ ಕೊಡಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದರೆ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಅವರ ಉತ್ತರವೂ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ gac.gov.in ತಾಣದಲ್ಲಿ ದೂರು ಕೊಡಬಹುದು. ಗಡುವು, ಅಧಿಕಾರಿಯ ಉತ್ತರ ಕೈಸೇರಿದ 30 ದಿನ. ಮೊದಲ ಮೆಟ್ಟಿಲು ಹತ್ತದೆ ಎರಡನೆಯದಕ್ಕೆ ಹೋಗಲಾಗದು. ಆದ್ದರಿಂದ ಮೊದಲ ದಿನವೇ Account Status ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪೋಸ್ಟ್, ನಿಯಮದ ಹೆಸರು, ದಿನಾಂಕ ಎಲ್ಲ ಅದರಲ್ಲಿ ಕಾಣುವಂತಿರಲಿ.