ಹದಿನೈದು ದಿನ, ಆದರೆ ಯಾವತ್ತಿನಿಂದ?

"ಇನ್ನು ಮುಂದೆ ಆರ್ಡರ್ ಮೊಬೈಲಿನಲ್ಲೇ ಹಾಕಿ, ಬಿಲ್ಲಿನ ಹಣ 15 ದಿನದೊಳಗೆ ಕಟ್ಟಿ." ಶಿವಮೊಗ್ಗದ ಸಗಟು ವ್ಯಾಪಾರಿ ಭದ್ರಾವತಿಯ ಗಿರಾಕಿಗಳಿಗೆ ಬರೆಯುವ ಪತ್ರ ಇಷ್ಟಕ್ಕೇ ನಿಂತರೆ ತಕರಾರು ತಪ್ಪಿದ್ದಲ್ಲ. ಲೈನಿಗೆ ಬರುತ್ತಿದ್ದ ಸೇಲ್ಸ್‌ಮನ್ ಬಾಯಿಮಾತಿನಲ್ಲೇ ಬಗೆಹರಿಸುತ್ತಿದ್ದ ಎರಡು ಸಂಗತಿಗಳು ಈಗ ಪತ್ರದಲ್ಲೇ ಇರಬೇಕು: ಆರ್ಡರ್ ಖಾಯಂ ಆಗುವುದು ಯಾವಾಗ, ಗಡುವಿನ ಎಣಿಕೆ ಯಾವತ್ತಿನಿಂದ.

ಭದ್ರಾವತಿಯ ಅಂಗಡಿಯವರು 9ನೇ ತಾರೀಕು ರಾತ್ರಿ 10 ಮೂಟೆ ಸಕ್ಕರೆಗೆ ಆರ್ಡರ್ ಹಾಕಿದರು ಎನ್ನೋಣ. ಗೋದಾಮಿನಲ್ಲಿದ್ದದ್ದು 8 ಮೂಟೆ. 10ನೇ ತಾರೀಕಿಗೆ ಬಿಲ್ಲಾಯಿತು, ಗಾಡಿ ಭರ್ತಿಯಾಗದೆ ಸರಕು ಅಂಗಡಿಗೆ ಇಳಿದದ್ದು 13ಕ್ಕೆ. ಬಿಲ್ಲಿನ ದಿನದಿಂದ ಎಣಿಸಿದರೆ ಗಡುವು 25, ಸರಕು ಇಳಿದ ದಿನದಿಂದ ಎಣಿಸಿದರೆ 28. 26ರಂದು ಹಣ ಹಾಕಿದವರು ತಮ್ಮ ಲೆಕ್ಕದಲ್ಲಿ ಸಕಾಲಕ್ಕೆ ಕಟ್ಟಿದ್ದಾರೆ, ಸಗಟು ಅಂಗಡಿಯ ಕಂಪ್ಯೂಟರಿನಲ್ಲಿ ಬಾಕಿದಾರರು. ಮುಂದಿನ ಆರ್ಡರ್ ತಡೆಹಿಡಿಯಲು ಅಷ್ಟು ಸಾಕು. ಬಾರದ 2 ಮೂಟೆ ರದ್ದೋ, ಮುಂದಿನ ಗಾಡಿಗೋ ಎಂಬುದೂ ಗೊತ್ತಿಲ್ಲ.

ಇಂಥ ಪತ್ರಗಳಲ್ಲಿ "ಸರ್ಕಾರದ 45 ದಿನದ ನಿಯಮ" ಎಂಬ ಮಾತು ಸುಲಭವಾಗಿ ನುಸುಳುತ್ತದೆ. ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿದ 43ಬಿ(ಹೆಚ್) ಕಲಮಿನ ಮಾತು ಅದು. ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಎಣಿಕೆ ಸರಕು ಸ್ವೀಕರಿಸಿದ ದಿನದಿಂದ. ಆದರೆ ಈ ರಕ್ಷಣೆ ಸರಕು ತಯಾರಿಸುವ ಅಥವಾ ಸೇವೆ ಕೊಡುವ ಅತಿಸಣ್ಣ, ಸಣ್ಣ ಉದ್ಯಮಗಳಿಗೆ. ಮಾಚೇನಹಳ್ಳಿಯ ಸಣ್ಣ ತಯಾರಿಕಾ ಘಟಕ ಇದನ್ನು ಮುಂದಿಡಬಹುದು. ಕೊಂಡು ಮಾರುವ ಸಗಟು ವ್ಯಾಪಾರಿ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೂ ಅದರ ಲಾಭ ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ. 2021ರ ಜುಲೈ 2ರ ಕೇಂದ್ರದ ಆದೇಶ ಹಾಗೆಂದೇ ಹೇಳಿದೆ. ವ್ಯಾಪಾರಿಗೂ ಅನ್ವಯಿಸುವ ಗಡುವು ಜಿಎಸ್‌ಟಿಯದು: ಬಿಲ್ಲಿನ ದಿನದಿಂದ 180 ದಿನದೊಳಗೆ ಹಣ ಕಟ್ಟದಿದ್ದರೆ ಗಿರಾಕಿ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಉಳಿದದ್ದೆಲ್ಲ ಇಬ್ಬರ ನಡುವಿನ ಕರಾರು. ಅದಕ್ಕೆ ಕಾನೂನಿನ ವೇಷ ಹಾಕುವ ಅಗತ್ಯವಿಲ್ಲ.

ಹಾಗಾಗಿ ಪತ್ರ ಬರೆಯುವವರು ಈ ನಾಲ್ಕು ಸಾಲು ಸೇರಿಸಲಿ: "ಆರ್ಡರ್ ಹಾಕಿದ ಮೇಲೆ ನಾವು ಎಷ್ಟು ಸರಕು, ಯಾವ ದರ ಎಂದು ಸಂದೇಶ ಕಳುಹಿಸುತ್ತೇವೆ, ಅದನ್ನು ನೀವು ಒಪ್ಪಿದ ಮೇಲೆಯೇ ಬಿಲ್. ಸಿಗದ ಸರಕು ರದ್ದು. ಸರಕು ಇಳಿದ ಮರುದಿನದಿಂದ 15 ದಿನ ಎಣಿಕೆ, ಹಣ ನಮ್ಮ ಖಾತೆಗೆ ಜಮೆಯಾದ ದಿನವೇ ಪಾವತಿಯ ದಿನ. ಈ ಪತ್ರಕ್ಕೆ ಮುಂಚಿನ ಬಿಲ್ಲುಗಳಿಗೆ ಹಳೆಯ ಗಡುವೇ." ಕೊನೆಯ ಸಾಲನ್ನು ಬಿಡುವಂತಿಲ್ಲ. ಕೊಟ್ಟಾಗಿರುವ ಉದ್ರಿಯ ಷರತ್ತನ್ನು ಒಬ್ಬರೇ ಕೂತು ಪತ್ರ ಬರೆದು ಬದಲಿಸಲು ಬರುವುದಿಲ್ಲ.