ಕಾರ್ಡ್ ನಂದು, ಖರ್ಚು ಯಾರದು?

ಈಗ ಭಾಳ ಮನಿಯೊಳಗ ಕ್ರೆಡಿಟ್ ಕಾರ್ಡ್ ಯಜಮಾನರ ಹೆಸರಿಲೆ ಇರ್ತದ, ಅದರ ಜೋಡಿ ಹೆಂಡತಿಗೊಂದು, ಮಗಗೊಂದು ಆ್ಯಡ್-ಆನ್ ಕಾರ್ಡ್ ಇರ್ತಾವ. ಉಜ್ಜೋರು ಮೂರು ಮಂದಿ, ಬಿಲ್ ಬರೂದು ಒಂದ. ಅದೂ ಮೂಲ ಕಾರ್ಡಿನವರ ಇ-ಮೇಲಿಗೆ. ಕಟ್ಟೋ ಜವಾಬ್ದಾರಿನೂ ಅವರದ. ಆ್ಯಡ್-ಆನ್ ಕಾರ್ಡಿನ ಬಾಕಿಗೆ ಮೂಲ ಕಾರ್ಡಿನವರ ಹೊಣಿ ಅಂತ ರಿಸರ್ವ್ ಬ್ಯಾಂಕಿನ ನಿಯಮನ ಅದ. ಅದಕ್ಕ ಬಿಲ್ ಬಂದ ದಿನ ಅವರು ಲೆಕ್ಕಾ ಕೇಳೂದು ತಪ್ಪಲ್ಲ. ಆದ್ರ ಲೆಕ್ಕಾ ಹ್ಯಾಂಗ ಕೇಳ್ತಾರ ಅನ್ನೂದರ ಮ್ಯಾಲೆ ನಂದೊಂದು ತಕರಾರು ಅದ. "ನಿನ್ನ ಕಾರ್ಡಿನ ಮ್ಯಾಲೆ ಇಷ್ಟಾಗೇದ" ಅನ್ನೂದು ಬ್ಯಾರೆ, "ನಿನ್ನ ಖರ್ಚು ಇಷ್ಟಾಗೇದ" ಅನ್ನೂದು ಬ್ಯಾರೆ. ಇವೆರಡನ್ನ ಒಂದ ಮಾಡಿದ್ರ ಮನಿ ನಡಸೋ ಹೆಣ್ಮಗಳ ಹೆಸರ ಯಾವಾಗಲೂ ಮ್ಯಾಲೆ ಬರ್ತದ.

ನಮ್ಮನಿ ನವೆಂಬರ್ ಬಿಲ್ಲನ್ನ ಹಿಡಕೊಂಡು ಹೇಳ್ತೀನಿ. ನಮ್ಮ ಬಿಲ್ 18ನೇ ತಾರೀಖಿಗೆ ತಯಾರಾಗ್ತದ. ಒಟ್ಟು ಬಂದಿದ್ದು 45,466 ರೂಪಾಯಿ. ಹಾಳಿಯೊಳಗ ನೋಡಿದ್ರ ಪ್ರತಿ ಕಾರ್ಡಿನ ಕಡೀ ನಾಲ್ಕು ಅಂಕಿ ಬರದು, ಅದರ ಕೆಳಗ ಆ ಕಾರ್ಡಿನ ಖರೀದಿ ಕೊಟ್ಟಿರ್ತಾರ. ಯಜಮಾನರ ಕಾರ್ಡಿನ ಮ್ಯಾಲೆ 9,240, ಬೆಂಗಳೂರಾಗ ಓದೋ ಮಗನ ಕಾರ್ಡಿನ ಮ್ಯಾಲೆ 12,150, ನನ್ನ ಕಾರ್ಡಿನ ಮ್ಯಾಲೆ 21,680. ಕೂಡಿಸಿದ್ರ 43,070. ಬಿಲ್ಲಿಗೂ ಇದಕ್ಕೂ 2,396 ರೂಪಾಯಿ ಫರಕ ಬಂತು.

ಈ ಫರಕಿನ ಕಡೆ ಮೊದಲ ನೋಡ್ರಿ, ಯಾಕಂದ್ರ ಜಗಳಾ ಶುರು ಆಗೂದ ಇಲ್ಲಿ. ಆಗಸ್ಟಿನ್ಯಾಗ ತಗೊಂಡ ಫ್ರಿಜ್ಜಿನ ಕಂತು 4,000, ಅದರ ಬಡ್ಡಿ 250, ಬಡ್ಡಿ ಮ್ಯಾಲಿನ 18% ಜಿಎಸ್‌ಟಿ 45, ಹಿಂಗ 4,295 ಸೇರಿತ್ತು. ಇದನ್ನ ಈ ತಿಂಗಳಾ ಯಾರೂ ಉಜ್ಜಿಲ್ಲ, ಇದು ಮನೀದು. ಇನ್ನ ಮಗ ಹಿಂದಿನ ಬಿಲ್ಲಿನ್ಯಾಗ ತಗೊಂಡಿದ್ದ ಬೂಟು ವಾಪಸ್ ಮಾಡಿದ್ದ, ಅದರ 1,899 ಈ ಬಿಲ್ಲಿನ್ಯಾಗ `Cr` ಅಂತ ಬಂದು ಕಳದಿತ್ತು. 43,070ಕ್ಕ 4,295 ಕೂಡಿಸಿ 1,899 ಕಳದ್ರ ಸರಿಯಾಗಿ 45,466. ಹಿಂಗ ಪೈಸಾಕ್ಕ ಪೈಸಾ ಕೂಡೋತನಕ ಯಾರ ಹೆಸರೂ ಎತ್ತಬಾರದು.

ಆಮ್ಯಾಲೆ ಎರಡನೇ ಕೆಲಸ. ಪ್ರತಿ ಸಾಲಿನ ಮುಂದ "ಯಾರ ಸಲುವಾಗಿ" ಅಂತ ಬರೀರಿ. ನನ್ನ 21,680ರೊಳಗ ಕಿರಾಣಿ 8,400, ಮಾವನವರ ಔಷಧ 5,350, ಲೈಟ್ ಬಿಲ್ 2,130, ನಾದಿನಿ ಮನಿ ಮುಂಜಿವಿಗೆ ತಗೊಂಡ ಸೀರಿ 4,300. ಉಳದದ್ದು 1,500, ಅದು ನನ್ನ ಚಪ್ಪಲ್ಲು ಮತ್ತ ಕನ್ನಡಕದ ಫ್ರೇಮು. ಕಾರ್ಡಿನ ಪ್ರಕಾರ ನಾ ಎಲ್ಲಾರಗಿಂತ ದೊಡ್ಡ ಖರ್ಚಿನಾಕಿ, ಖರ್ಚಿನ ಪ್ರಕಾರ ಎಲ್ಲಾರಗಿಂತ ಸಣ್ಣಾಕಿ. ಯಜಮಾನರ 9,240ರೊಳಗ ಪೆಟ್ರೋಲ್ 5,000, ಆಫೀಸಿನ ಗೆಳೆಯರ ಜೋಡಿ ಊಟ 3,741, ಸಿನಿಮಾ ನೋಡೋ ಆ್ಯಪಿನ ಚಂದಾ 499. ಈ ಚಂದಾ ಹಾಕಿಸಿದಾಂವ ಮಗ, ಆದ್ರ ಅಪ್ಪನ ಕಾರ್ಡಿನಿಂದ ತಿಂಗಳಾ ತಾನ ಕಟ್ ಆಗ್ತದ. ಇಂಥಾ ತಾನ ಕಟ್ ಆಗೋವು ಯಾವ ಕಾರ್ಡಿಗೆ ಕಟ್ಟೇರೋ ಅದರ ಕೆಳಗ ಬರ್ತಾವ, ನೋಡೋರು ಯಾರು ಅಂತ ಬಿಲ್ಲಿಗೆ ಗೊತ್ತಾಗೂದಿಲ್ಲ.

ಮಗನ 12,150ರೊಳಗ ಪುಸ್ತಕ ಮತ್ತ ಪರೀಕ್ಷಾ ಫೀ 3,200, ಹೊರಗಿಂದ ತರಿಸಿದ ಊಟ 2,950, ಬಸ್ಸಿನ ನಾಲ್ಕು ಟಿಕೇಟು 6,000. ನಾಲ್ಕು ಯಾಕ ಅಂದ್ರ ಗೆಳೆಯರದ್ದೂ ಅವನ ಕಾರ್ಡಿನಿಂದ ತಗದಿದ್ದ. ಅವರು ತಮ್ಮ ಪಾಲು 4,500 ಅವನ ಬ್ಯಾಂಕ್ ಖಾತೆಗೆ ಯುಪಿಐ ಮಾಡ್ಯಾರ. ಅಂದ್ರ ಬಿಲ್ ಬಂದದ್ದು ಧಾರವಾಡಕ್ಕ, ರೊಕ್ಕ ಕೂತದ್ದು ಬೆಂಗಳೂರಾಗ. ಇದು ಮೋಸ ಅಲ್ಲ, ಹುಡುಗರಿಗೆ ಲಕ್ಷ್ಯಕ್ಕ ಬರೂದಿಲ್ಲ ಅಷ್ಟ. ಆದ್ರ ಆ 4,500 ಬಿಲ್ ಕಟ್ಟೋದರೊಳಗ ಅಪ್ಪನ ಖಾತೆಗೆ ಬರಬೇಕು. ನಾಲ್ಕು ಮಂದಿ ಕೂಡಿ ತಿಂದದ್ದು, ತಿರಗಿದ್ದು ಇದ್ದಾಗೆಲ್ಲಾ ಈ ಪ್ರಶ್ನೆ ಕೇಳ್ರಿ: ಉಳದವರ ಪಾಲು ಎಲ್ಲಿಗೆ ಬಂತು?

ಮೂರು ತಿಂಗಳು ಬಿಲ್ ಹಿಡಕೊಂಡು ಕೂತ್ರ ಒಂದಿಷ್ಟು ತೊಡಕು ಎಲ್ಲಾರ ಮನಿಯೊಳಗೂ ಬರ್ತಾವ. ಅಂಗಡಿ ಹೆಸರು "ಗಣೇಶ ಸ್ಟೋರ್ಸ್" ಇದ್ರ ಬಿಲ್ಲಿನ್ಯಾಗ ರೊಕ್ಕ ತಗೊಳ್ಳೋ ಕಂಪನಿದೋ, ಮಾಲಕರದೋ ಹೆಸರು ಬಂದಿರ್ತದ. ಅದಕ್ಕ ಹೆಸರು ನೋಡಿ ಗಾಬರಿ ಆಗಬ್ಯಾಡ್ರಿ, ತಾರೀಖು ಮತ್ತ ಮೊತ್ತ ಹೊಂದಿಸ್ರಿ. 17ಕ್ಕ ಉಜ್ಜಿದ್ದು ಒಮ್ಮೊಮ್ಮೆ 19ಕ್ಕ ದಾಖಲಾಗಿ ಮುಂದಿನ ಬಿಲ್ಲಿಗೆ ಹೋಗ್ತದ. ಡೈರಿಯೊಳಗ ಒಂದರಿಂದ ಮೂವತ್ತರ ತನಕ ಲೆಕ್ಕಾ ಬರಿಯೋರಿಗೆ ಅದಕ್ಕ ಎಂದೂ ಹೊಂದೂದಿಲ್ಲ; 19ರಿಂದ 18ರ ತನಕ ಬರೀರಿ, ಹೊಂದತದ. ಇನ್ನ ಕೆಲವು ಬ್ಯಾಂಕಿನವರು ಆ್ಯಡ್-ಆನ್ ಕಾರ್ಡಿಗೂ ಮೂಲ ಕಾರ್ಡಿನ ನಂಬರನ್ನ ಕೊಡ್ತಾರ. ಹಂಗಿದ್ರ ಬಿಲ್ಲಿನಿಂದ ಯಾರು ಉಜ್ಜಿದ್ರು ಅಂತ ತಿಳೀಲಿಕ್ಕೇ ಆಗೂದಿಲ್ಲ. ಅಂಥಾ ಮನಿಯವರು ಉಜ್ಜಿದ ಕೂಡ್ಲೇ ಮನಿ ವಾಟ್ಸಾಪಿನ್ಯಾಗ ಒಂದ ಸಾಲು ಹಾಕಬೇಕು: "640, ಗುಳಿಗಿ, ಅಜ್ಜಾಗ." ಮೊತ್ತ, ಏನು, ಯಾರಿಗೆ, ಇಷ್ಟ ಸಾಕು.

ಹಿಂಗ ಎಲ್ಲಾ ಸಾಲಿಗೂ ಹೆಸರು ಹಚ್ಚಿದ್ರ ಇನ್ನೊಂದು ಉಪಯೋಗ ಅದ. ಯಾರದೂ ಅಲ್ಲದ ಸಾಲು ಒಂಟಿಯಾಗಿ ಎದ್ದು ಕಾಣ್ತದ. ಅಂಥಾದ್ದು ಕಂಡ್ರ ಮೊದಲ ಯಾರ ಮೊಬೈಲಿನ ಯಾವ ಆ್ಯಪಿನ್ಯಾಗ ಆ ಕಾರ್ಡ್ ಉಳಿಸೇರಿ ಅಂತ ಅವತ್ತ ಕೇಳ್ರಿ. ಯಾರೂ ನಂದಲ್ಲ ಅಂದ್ರ ಆ ಕಾರ್ಡ್ ಬಂದ್ ಮಾಡಿಸಿ ಬ್ಯಾಂಕಿಗೆ ತಕರಾರು ಕೊಡ್ರಿ, ನಾಳೆ ಅನ್ನಬ್ಯಾಡ್ರಿ. ಒಬ್ಬರಿಗೊಬ್ಬರು "ನೀನ ಮಾಡಿರ್ಬೇಕು" ಅಂತ ಬೈಕೋತ ಕೂತ್ರ ಕಳ್ಳಗ ಲಾಭ.

ಎಲ್ಲಾ ಕಾರ್ಡಿಗೂ ಮಿತಿ ಒಂದ ಅನ್ನೂದೂ ನೆನಪಿರಲಿ. ಮಗ ಅಲ್ಲಿ ದೊಡ್ಡದೊಂದು ಖರೀದಿ ಮಾಡಿದ್ರ, ಇಲ್ಲಿ ಔಷಧ ಅಂಗಡಿಯೊಳಗ ನಿಮ್ಮ ಕಾರ್ಡ್ ನಡೀದ ಹೋಗಬಹುದು. ಭಾಳ ಬ್ಯಾಂಕಿನ ಆ್ಯಪಿನ್ಯಾಗ ಪ್ರತಿ ಆ್ಯಡ್-ಆನ್ ಕಾರ್ಡಿಗೆ ಬ್ಯಾರೆ ಮಿತಿ ಇಡ್ಲಿಕ್ಕೆ ಬರ್ತದ. ಹುಡುಗರ ಕಾರ್ಡಿಗೆ ಅದನ್ನ ಇಡಿಸ್ರಿ, ಅದರಾಗ ಅಪಮಾನ ಏನಿಲ್ಲ.

ನನ್ನ ಮಾತು ಇಷ್ಟ ನೋಡ್ರಿ. ಲೆಕ್ಕಾ ಕೇಳೋರು ಬಿಲ್ಲಿನ ಒಂದು ಸಾಲು ತೋರಿಸಿ ಕೇಳಬಾರದು, ತಮ್ಮ ಸಾಲುಗಳನ್ನೂ ಸೇರಿಸಿ ಇಡೀ ಬಿಲ್ಲನ್ನ ಟೇಬಲ್ ಮ್ಯಾಲೆ ಇಡಬೇಕು. ನಾವೂ ಅಷ್ಟ, "ನಂಗ ಅದೆಲ್ಲಾ ತಿಳಿಯೂದಿಲ್ಲ" ಅಂತ ಒಳಗ ಹೋಗಬಾರದು. ಮುಂದಿನ ಬಿಲ್ ಬಂದಾಗ ಪೂರಾ ಹಾಳಿ ಕೇಳ್ರಿ, ಒಂದು ಪೆನ್ನು ತಗೊಂಡು ಪ್ರತಿ ಸಾಲಿಗೆ ಎರಡು ಹೆಸರು ಬರೀರಿ: ಉಜ್ಜಿದವರು ಯಾರು, ಖರ್ಚು ಯಾರ ಸಲುವಾಗಿ. ಎರಡನೇ ಹೆಸರಿನ ಪ್ರಕಾರ ಕೂಡಿಸಿದ ಮ್ಯಾಲೇ ಮಾತಾಡ್ರಿ.